ಎಲೆ ಹಾಕುವ ಮೊದಲೇ ತಲುಪಬೇಕಾದ ಸಂದೇಶ

ಬಡಾವಣೆಯ ಗಣೇಶೋತ್ಸವದಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಮೂರ್ತಿ, ಅಲಂಕಾರ, ಸಂಜೆಯ ಆರ್ಕೆಸ್ಟ್ರಾ. ಆದರೆ ಸಮಿತಿಯವರನ್ನು ಕೇಳಿ ನೋಡಿ. ಅವರಿಗೆ ಹಿಂದಿನ ರಾತ್ರಿ ನಿದ್ದೆ ಬಾರದಂತೆ ಮಾಡುವುದು ಅನ್ನಸಂತರ್ಪಣೆ. ಅಡುಗೆಯ ಚಿಂತೆ ಅಷ್ಟಾಗಿ ಇರುವುದಿಲ್ಲ, ಅದನ್ನು ಅಡುಗೆ ಭಟ್ಟರು ನೋಡಿಕೊಳ್ಳುತ್ತಾರೆ. ಬಡಿಸುವವರು ಹೊತ್ತಿಗೆ ಸರಿಯಾಗಿ ಬರುತ್ತಾರೋ ಇಲ್ಲವೋ ಎಂಬುದೇ ಚಿಂತೆ. ‘ನಾನಿದ್ದೀನಿ ಬಿಡಿ’ ಎಂದು ಸಭೆಯಲ್ಲಿ ಕೈ ಎತ್ತಿದವರು ನಲವತ್ತು ಜನ ಇರುತ್ತಾರೆ. ಮೊದಲ ಪಂಕ್ತಿ ಕುಳಿತಾಗ ಬಕೆಟ್ಟು ಹಿಡಿದು ನಿಂತವರು ಹತ್ತೋ ಹನ್ನೆರಡೋ. ಉಳಿದವರು ಮೋಸ ಮಾಡಿದರು ಎಂದಲ್ಲ. ಬಹಳ ಮಂದಿ ಬಂದಿರುತ್ತಾರೆ, ಆದರೆ ಅರ್ಧ ಗಂಟೆ ತಡವಾಗಿ, ಬೇರೆ ಬಾಗಿಲಿಗೆ, ಏನು ಮಾಡಬೇಕೆಂದು ತಿಳಿಯದೆ.

ಇದಕ್ಕೆ ಮುಖ್ಯ ಕಾರಣ ಹಿಂದಿನ ದಿನ ಅವರಿಗೆ ಹೋದ ನೆನಪಿನ ಸಂದೇಶ. ‘ನಾಳೆ ಅನ್ನಸಂತರ್ಪಣೆ ಇದೆ, ಎಲ್ಲ ಸ್ವಯಂಸೇವಕರೂ ಬೇಗ ಬಂದು ಸಹಕರಿಸಬೇಕಾಗಿ ವಿನಂತಿ’ ಎಂದಷ್ಟೇ ಅದರಲ್ಲಿ ಇರುತ್ತದೆ. ಓದಿದವನಿಗೆ ಗೌರವ ಸಿಕ್ಕಿತು, ಮಾಹಿತಿ ಸಿಗಲಿಲ್ಲ. ಬೇಗ ಎಂದರೆ ಎಷ್ಟು ಗಂಟೆಗೆ? ಎಲ್ಲಿಗೆ? ಯಾರನ್ನು ಕಾಣಬೇಕು? ಕೈಯಲ್ಲಿ ಏನು ಹಿಡಿದು ಹೋಗಬೇಕು? ಎಷ್ಟು ಹೊತ್ತಿಗೆ ಮನೆಗೆ ಬಿಡುತ್ತಾರೆ? ಈ ಪ್ರಶ್ನೆಗಳಿಗೆ ಉತ್ತರ ಇರುವ ಸಂದೇಶ ಬರೆಯಲು ಹತ್ತು ನಿಮಿಷ ಸಾಕು. ಆದರೆ ಬರೆಯುವ ಮೊದಲು ಒಂದು ಲೆಕ್ಕ ಹಾಕಿಕೊಳ್ಳಬೇಕು, ಅದನ್ನು ಬಿಡಿಸಿ ನೋಡೋಣ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಚೌತಿಯ ನಂತರದ ಭಾನುವಾರ, ಸೆಪ್ಟೆಂಬರ್ 20. ಬಡಾವಣೆಯ ಸಮುದಾಯ ಭವನದಲ್ಲಿ 600 ಜನರಿಗೆ ಊಟ. ಭವನದ ಊಟದ ಹಾಲಿನಲ್ಲಿ ಒಂದು ಸಲಕ್ಕೆ 200 ಜನ ಕೂರಬಹುದು, ಐವತ್ತು ಎಲೆಗಳ ನಾಲ್ಕು ಸಾಲು. ಹಾಗಾಗಿ ಮೂರು ಪಂಕ್ತಿ. ಬಾಳೆ ಎಲೆಯ ಮೇಲೆ ಪೂರ್ಣ ಊಟ ಬಡಿಸಿ ಮುಗಿಸಲು ನಲವತ್ತು ನಿಮಿಷ ಹಿಡಿಯಿರಿ. ಎಲೆ ತೆಗೆದು, ಟೇಬಲ್ ಒರೆಸಿ, ಮತ್ತೆ ಎಲೆ ಹಾಕಿ ಉಪ್ಪು ಉಪ್ಪಿನಕಾಯಿ ಇಡಲು ಇಪ್ಪತ್ತು ನಿಮಿಷ. ಒಟ್ಟು ಒಂದು ಪಂಕ್ತಿಗೆ ಒಂದು ಗಂಟೆ. ಮೊದಲನೆಯದು 12.30ಕ್ಕೆ, ಎರಡನೆಯದು 1.30ಕ್ಕೆ, ಮೂರನೆಯದು 2.30ಕ್ಕೆ. ಕೊನೆಯವರು ಕೈ ತೊಳೆಯುವಾಗ ಮೂರು ಗಂಟೆ ಹತ್ತು ನಿಮಿಷ.

ಸಂದೇಶದಲ್ಲಿ ಬರೆಯಬೇಕಾದ ಹೊತ್ತು ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ. 12.30 ಎಂಬುದು ಅತಿಥಿಗಳ ಹೊತ್ತು. ಸ್ವಯಂಸೇವಕರ ಹೊತ್ತನ್ನು ಅಲ್ಲಿಂದ ಹಿಂದಕ್ಕೆ ಎಣಿಸಿ ತೆಗೆಯಬೇಕು. ಜನ ಕೂರುವ ಮೊದಲೇ ಎಲೆಯ ಮೇಲೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಬಿದ್ದಿರಬೇಕು. ಇನ್ನೂರು ಎಲೆಗೆ ಇವಿಷ್ಟು ಬಡಿಸಲು ಇಪ್ಪತ್ತು ನಿಮಿಷವಾದರೂ ಬೇಕು, ಅಂದರೆ 12.10ಕ್ಕೆ ಕೈ ಹಚ್ಚಬೇಕು. ಅದಕ್ಕೂ ಮೊದಲು ಕೈ ತೊಳೆದು, ಟೋಪಿ ಏಪ್ರನ್ ಹಾಕಿಕೊಂಡು, ಉಗ್ರಾಣದಿಂದ ತಮ್ಮ ತಮ್ಮ ಪಾತ್ರೆ ಸೌಟು ತೆಗೆದುಕೊಳ್ಳಲು ಇನ್ನಿಪ್ಪತ್ತು ನಿಮಿಷ. ಅದಕ್ಕೂ ಮೊದಲು ಯಾರು ಯಾವ ಸಾಲು, ಯಾರು ಏನು ಬಡಿಸುವುದು ಎಂದು ಹೇಳಿ, ಎಲ್ಲರನ್ನೂ ಒಮ್ಮೆ ಸಾಲಿನುದ್ದಕ್ಕೂ ನಡೆಸಲು ಮತ್ತೆ ಇಪ್ಪತ್ತು. ಹೀಗೆ ಎಣಿಸಿದರೆ ಹಾಜರಾಗಬೇಕಾದ ಹೊತ್ತು 11.30 ಎಂದು ಬರುತ್ತದೆ.

ಅನೇಕ ಸಮಿತಿಗಳು ಇಲ್ಲಿ ಒಂದು ಜಾಣತನ ಮಾಡಲು ಹೋಗುತ್ತವೆ. ‘ನಮ್ಮ ಜನ ಹೇಗಿದ್ದರೂ ಅರ್ಧ ಗಂಟೆ ತಡ, 11 ಎಂದೇ ಹೇಳಿಬಿಡೋಣ’ ಎನ್ನುತ್ತಾರೆ. ಇದನ್ನು ಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 11ಕ್ಕೆ ಸರಿಯಾಗಿ ಬಂದವನು ಖಾಲಿ ಹಾಲಿನಲ್ಲಿ ಅರ್ಧ ಗಂಟೆ ಕುರ್ಚಿ ನೋಡುತ್ತ ಕೂರುತ್ತಾನೆ. ಮುಂದಿನ ವರ್ಷ ಅವನೂ 11.30ಕ್ಕೇ ಬರುತ್ತಾನೆ, ಆಗ ನೀವು 10.30 ಎಂದು ಬರೆಯಬೇಕಾಗುತ್ತದೆ. ನಿಜವಾದ ಹೊತ್ತನ್ನು ಬರೆಯಿರಿ, ಅದರ ಕಾರಣವನ್ನೂ ಒಂದೇ ಸಾಲಿನಲ್ಲಿ ಹೇಳಿ: ‘11.30ಕ್ಕೆ ಸಾಲು ಹಂಚುತ್ತೇವೆ, 12.10ಕ್ಕೆ ಎಲೆಗೆ ಬಡಿಸಲು ಶುರು.’ ಕಾರಣ ಗೊತ್ತಾದ ಮೇಲೆ ತಡವಾಗಿ ಬರುವವನಿಗೂ ತಾನು ಯಾವುದನ್ನು ತಪ್ಪಿಸಿಕೊಳ್ಳುತ್ತೇನೆ ಎಂಬುದು ಗೊತ್ತಿರುತ್ತದೆ.

ಹೊತ್ತಿನ ಜೊತೆಗೆ ದಿನಾಂಕ ಮತ್ತು ವಾರ ಎರಡೂ ಇರಲೇಬೇಕು. ‘ನಾಳೆ’ ಎಂದು ಬರೆದ ಸಂದೇಶವನ್ನು ಯಾರೋ ಮರುದಿನ ಬೆಳಗ್ಗೆ ಓದುತ್ತಾರೆ, ಇನ್ಯಾರೋ ಎರಡು ದಿನ ಬಿಟ್ಟು ಇನ್ನೊಂದು ಗುಂಪಿಗೆ ದಾಟಿಸುತ್ತಾರೆ. ವಾರ ಮತ್ತು ದಿನಾಂಕ ಎರಡನ್ನೂ ಹಾಕಿದರೆ ಇನ್ನೊಂದು ಅನುಕೂಲವೂ ಇದೆ. ಬರೆಯುವವನು ಕೈತಪ್ಪಿ ದಿನಾಂಕ ತಪ್ಪಾಗಿ ಒತ್ತಿದ್ದರೆ ವಾರ ಹೊಂದುವುದಿಲ್ಲ, ಓದುವವರಲ್ಲಿ ಒಬ್ಬರಾದರೂ ಕೂಡಲೇ ಕೇಳುತ್ತಾರೆ.

ಹೊತ್ತಿನ ಗೊಂದಲ ಅತಿ ಹೆಚ್ಚಾಗುವುದು ಪೆಂಡಾಲಿನ ರಾತ್ರಿ ಕಾವಲಿನಲ್ಲಿ. ಮೂರ್ತಿ ಇರುವಷ್ಟು ದಿನ ರಾತ್ರಿಯೂ ಪೆಂಡಾಲಿನ ಬಳಿ ಜನ ಇರಬೇಕು, ಅನುಮತಿ ಕೊಡುವಾಗ ಪೊಲೀಸರೂ ಸಾಮಾನ್ಯವಾಗಿ ಇದನ್ನು ಹೇಳುತ್ತಾರೆ. ಆ ಪಾಳಿ ಬಹಳ ಕಡೆ ಮಧ್ಯರಾತ್ರಿ ಬದಲಾಗುತ್ತದೆ. ‘ಶನಿವಾರ ರಾತ್ರಿ 12 ಗಂಟೆ’ ಎಂದರೆ ಯಾವುದು? ಗಡಿಯಾರದ ಲೆಕ್ಕದಲ್ಲಿ ಶುಕ್ರವಾರ ಮುಗಿದು ಶನಿವಾರ ಹುಟ್ಟುವ ಕ್ಷಣವೂ ರಾತ್ರಿ 12, ಶನಿವಾರ ಮುಗಿಯುವ ಕ್ಷಣವೂ ರಾತ್ರಿ 12. ನಮ್ಮ ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ಆದ್ದರಿಂದ ಮನೆಯ ಹಿರಿಯರಿಗೆ ಭಾನುವಾರ ಬೆಳಗಿನ ಜಾವ ಮೂರು ಗಂಟೆಯೂ ಶನಿವಾರ ರಾತ್ರಿಯೇ. ಒಂದೇ ಸಾಲನ್ನು ಮೂರು ಜನ ಮೂರು ರೀತಿ ಓದುತ್ತಾರೆ, ಒಂದು ರಾತ್ರಿ ನಾಲ್ಕು ಜನ ಇರುತ್ತಾರೆ, ಇನ್ನೊಂದು ರಾತ್ರಿ ಯಾರೂ ಇರುವುದಿಲ್ಲ. ಇದಕ್ಕೆ ಸುಲಭದ ದಾರಿ 12 ಎಂಬ ಅಂಕಿಯನ್ನೇ ಬರೆಯದಿರುವುದು. ‘ಸೆಪ್ಟೆಂಬರ್ 19, ಶನಿವಾರ ರಾತ್ರಿ 11.45ಕ್ಕೆ ಹಾಜರಿ. ಸೆಪ್ಟೆಂಬರ್ 20, ಭಾನುವಾರ ಬೆಳಗ್ಗೆ 5ಕ್ಕೆ ಬಿಡುಗಡೆ’ ಎಂದು ಬರೆದರೆ ತಪ್ಪು ತಿಳಿಯಲು ಎಡೆಯೇ ಇಲ್ಲ. ಪಾಳಿಯ ಶುರು ಮತ್ತು ಕೊನೆ ಎರಡಕ್ಕೂ ದಿನಾಂಕ ಇರಬೇಕು, ಅಷ್ಟೇ.

ಇನ್ನು ಜಾಗ. ಬಡಾವಣೆಯವರಿಗೆಲ್ಲ ಸಮುದಾಯ ಭವನ ಗೊತ್ತೇ ಇದೆ ಎಂದು ಇದನ್ನು ಬಿಟ್ಟುಬಿಡುತ್ತಾರೆ. ಆದರೆ ಊಟದ ಹೊತ್ತಿಗೆ ಭವನದ ಮುಂಬಾಗಿಲಿನಲ್ಲಿ ಜನ ತುಂಬಿರುತ್ತಾರೆ. ಬಡಿಸುವವರು ಅವರ ನಡುವೆ ತೂರಿಕೊಂಡು ಬರಬೇಕಾಗುತ್ತದೆ, ಸಾಲಿನಲ್ಲಿ ನಿಂತವರು ‘ನಾವೂ ನಿಂತಿದ್ದೀವಲ್ಲ’ ಎಂದು ತಡೆಯುತ್ತಾರೆ. ‘ಹಿಂಬಾಗಿಲು, ಅಡುಗೆಮನೆ ಪಕ್ಕದ ಉಗ್ರಾಣದ ಮುಂದೆ’ ಎಂದು ಬರೆಯಬೇಕು. ಹೊರಗಿನವರಿಗಾಗಿ ನಕ್ಷೆಯ ಲೊಕೇಶನ್ ಹಾಕುವುದು ಒಳ್ಳೆಯದು, ಆದರೆ ಅದರಲ್ಲೂ ಒಂದು ಪೇಚು ಇದೆ. ಕಾರ್ಯದರ್ಶಿ ತಮ್ಮ ಮನೆಯಲ್ಲಿ ಕೂತು ‘ಈಗಿನ ಲೊಕೇಶನ್’ ಒತ್ತಿದರೆ ಹೋಗುವುದು ಅವರ ಮನೆಯ ವಿಳಾಸ. ಭವನದ ಹೆಸರನ್ನು ಹುಡುಕಿ ಅದನ್ನು ಕಳಿಸಬೇಕು, ಇಲ್ಲವೇ ಹಿಂದಿನ ದಿನ ಭವನಕ್ಕೆ ಹೋದಾಗ ಆ ಬಾಗಿಲಲ್ಲೇ ನಿಂತು ಕಳಿಸಿಟ್ಟುಕೊಳ್ಳಬೇಕು.

ಮುಂದಿನದು ಕೆಲಸ. ‘ಬಡಿಸುವುದು’ ಎಂದು ಬರೆದರೆ ಕೆಲಸ ಹೇಳಿದಂತಾಗಲಿಲ್ಲ. ಎಲ್ಲರೂ ಅನ್ನದ ಪಾತ್ರೆಗೋ ಸಿಹಿಯ ತಟ್ಟೆಗೋ ಕೈ ಹಾಕುತ್ತಾರೆ, ಸಾರು ಹಿಡಿಯುವವರಿರುವುದಿಲ್ಲ. ನೀರು ಹಾಕುವವರಂತೂ ಯಾವ ಪಂಕ್ತಿಯಲ್ಲೂ ಸಾಲುವುದಿಲ್ಲ. ಪ್ರತಿಯೊಬ್ಬರ ಸಂದೇಶದಲ್ಲಿ ಅವರ ಸಾಲು, ಅವರ ಪದಾರ್ಥ, ಎಷ್ಟು ಸುತ್ತು ಎಂಬುದು ಇರಬೇಕು.

ಸಾರಿನವರನ್ನೇ ನೋಡಿ. ನಮ್ಮ ಉದಾಹರಣೆಯ ಹಾಲಿನಲ್ಲಿ ಎರಡು ಸಾಲಿಗೆ ಒಂದು ತಂಡ ಎಂದಾದರೆ ಒಬ್ಬ ಸಾರಿನವನ ಪಾಲಿಗೆ ನೂರು ಎಲೆ. ಎಲೆಗೊಂದು ಸೌಟು, ಅಂದಾಜು ನೂರು ಮಿಲಿ ಲೀಟರ್ ಎಂದರೂ ಒಂದು ಸುತ್ತಿಗೆ ಹತ್ತು ಲೀಟರ್ ಸಾರು. ಉತ್ಸಾಹದ ಹುಡುಗ ಒಂದೇ ಸಲಕ್ಕೆ ಬಕೆಟ್ಟು ತುಂಬಿಸಿಕೊಂಡು ಹೊರಡುತ್ತಾನೆ. ಕುದಿಯುವ ಸಾರು, ಹತ್ತು ಕಿಲೋ ಭಾರ, ಬಗ್ಗಿ ಬಗ್ಗಿ ನಡೆಯುವ ಕೆಲಸ. ಮೂವತ್ತನೇ ಎಲೆಗೆ ಬರುವಾಗ ತೋಳು ಸೋತು ಬಕೆಟ್ಟು ವಾಲುತ್ತದೆ, ಊಟಕ್ಕೆ ಕುಳಿತವರ ತೊಡೆಯ ಮೇಲೆ ಬೀಳುತ್ತದೆ. ‘ಅರ್ಧ ಬಕೆಟ್ಟಿಗಿಂತ ಹೆಚ್ಚು ಹಿಡಿಯಬೇಡಿ, ತುಂಬಿ ತರುವವರು ಸಾಲಿನ ಕೊನೆಯಲ್ಲಿ ನಿಂತಿರುತ್ತಾರೆ’ ಎಂಬ ಒಂದು ವಾಕ್ಯ ಸಂದೇಶದಲ್ಲಿದ್ದರೆ ಅವನು ಅದನ್ನು ಬರುವ ಮೊದಲೇ ಓದಿರುತ್ತಾನೆ. ಹಾಲಿನ ಗದ್ದಲದಲ್ಲಿ ಹೇಳಿದರೆ ಕೇಳಿಸುವುದಿಲ್ಲ.

ಬಡಿಸುವ ಕ್ರಮವನ್ನು ಸಂದೇಶದಲ್ಲಿ ಪೂರ್ತಿ ಬರೆಯಬೇಕಾಗಿಲ್ಲ. ಆದರೆ ಹೊಸ ಹುಡುಗರಿರುವ ತಂಡಕ್ಕೆ ಎರಡು ಮಾತು ಮೊದಲೇ ಹೇಳುವುದು ಒಳ್ಳೆಯದು. ಎಲೆಯ ತುದಿ ಉಣ್ಣುವವರ ಎಡಕ್ಕೆ ಬರುವಂತೆ ಹಾಕಬೇಕು. ತನ್ನ ಮುಂದಿನ ಪದಾರ್ಥದವರು ದಾಟಿದ ಮೇಲೆಯೇ ತಾನು ಹೊರಡಬೇಕು, ಅನ್ನಕ್ಕಿಂತ ಮೊದಲು ಸಾರು ಹೋದರೆ ಎಲೆಯಿಂದ ಹರಿದು ಟೇಬಲ್ ಮೇಲೆ ಬರುತ್ತದೆ. ಉಳಿದದ್ದನ್ನು 11.30ಕ್ಕೆ ಬಂದ ಮೇಲೆ ಹಳಬರು ತೋರಿಸಿಕೊಡುತ್ತಾರೆ. ಆ ಇಪ್ಪತ್ತು ನಿಮಿಷ ಇರುವುದೇ ಅದಕ್ಕೆ.

ಕೆಲಸ ಹೇಳುವಾಗ ಏನು ಮಾಡಬಾರದು ಎಂಬುದನ್ನೂ ಹೇಳಬೇಕು. ಬಡಿಸುವ ಪಾಳಿಯಲ್ಲಿರುವವರು ಅದೇ ಪಾಳಿಯಲ್ಲಿ ಎಂಜಲೆಲೆ ಎತ್ತಬಾರದು. ಮನೆಯಲ್ಲಿ ಅಜ್ಜಿಯರು ಪಾಲಿಸುತ್ತ ಬಂದ ಈ ನಿಯಮವನ್ನು ಶುಚಿತ್ವದ ದೃಷ್ಟಿಯಿಂದಲೂ ಸಡಿಲಿಸುವಂತಿಲ್ಲ. ಜನ ಕಡಿಮೆಯಾದಾಗ ‘ಸ್ವಲ್ಪ ಎಲೆ ತೆಗೆದುಬಿಡಿ’ ಎಂದು ಬಡಿಸುವವರಿಗೇ ಹೇಳುವುದು ಸಮಿತಿಗಳಿಗೆ ಸುಲಭ. ಅದು ಆಗಬಾರದು ಎಂದರೆ ಎಲೆ ತೆಗೆಯುವವರ ತಂಡ ಬೇರೆಯೇ ಇರಬೇಕು, ಅವರ ಸಂದೇಶವೂ ಬೇರೆ. ಅವರ ಹಾಜರಿ 12.45ಕ್ಕೆ ಸಾಕು. ಕೈಗವಸು ಎಲ್ಲಿ ಸಿಗುತ್ತದೆ, ಎಲೆ ಮತ್ತು ಉಳಿದ ಅನ್ನ ಯಾವ ಡ್ರಮ್ಮಿಗೆ, ಕಾಗದದ ಲೋಟ ಯಾವ ಚೀಲಕ್ಕೆ ಎಂಬುದು ಅವರಿಗೆ ಬೇಕಾದ ಮಾಹಿತಿ. ಇಷ್ಟು ಸ್ಪಷ್ಟವಾಗಿ ಹೇಳಿದರೆ ಆ ಕೆಲಸಕ್ಕೂ ಜನ ಸಂತೋಷದಿಂದ ಬರುತ್ತಾರೆ. ಕೊನೆ ಗಳಿಗೆಯಲ್ಲಿ ತಲೆಗೆ ಕಟ್ಟಿದರೆ ಮಾತ್ರ ಬೇಸರವಾಗುತ್ತದೆ.

ಕೆಲಸದ ಭಾಗದಲ್ಲಿಯೇ ಬರಬೇಕಾದ ಇನ್ನೊಂದು ವಿಷಯ ಸ್ವಯಂಸೇವಕರ ಸ್ವಂತ ಊಟ. ಇದನ್ನು ಬರೆಯುವ ಸಮಿತಿಗಳು ಬಹಳ ಕಡಿಮೆ. ಬಡಿಸಲು ಬಂದವರು ಬೆಳಗ್ಗೆ ಮನೆಯಲ್ಲಿ ಪೂಜೆ ಮುಗಿಸಿ, ‘ಹೇಗೂ ಅಲ್ಲೇ ಊಟವಿದೆ’ ಎಂದು ಏನೂ ತಿನ್ನದೆ ಬಂದಿರುತ್ತಾರೆ. ಎರಡು ಗಂಟೆಗೆ ಕೈ ನಡುಗಲು ಶುರುವಾಗುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಿ ಬಂದವರಾದರೆ ತಲೆ ಸುತ್ತಿ ಬೀಳಲೂಬಹುದು. ಇದನ್ನು ಪಾಳಿ ಹಂಚುವಾಗಲೇ ಬಗೆಹರಿಸಬಹುದು. ನಮ್ಮ ಮೂರು ಪಂಕ್ತಿಗೆ ಎರಡು ಪಾಳಿ ಮಾಡೋಣ. ಮೊದಲ ಪಾಳಿಯವರು 11.30ಕ್ಕೆ ಬಂದು ಎರಡು ಪಂಕ್ತಿ ಬಡಿಸಿ, 2.30ರ ಮೂರನೇ ಪಂಕ್ತಿಯಲ್ಲಿ ತಾವೇ ಊಟಕ್ಕೆ ಕೂರುತ್ತಾರೆ. ಎರಡನೇ ಪಾಳಿಯವರು 12.30ರ ಮೊದಲ ಪಂಕ್ತಿಯಲ್ಲಿ ಉಂಡು, 1.45ಕ್ಕೆ ಹಾಜರಾಗಿ, ಮೂರನೇ ಪಂಕ್ತಿಗೆ ಬಡಿಸುತ್ತಾರೆ. ಯಾರೂ ಹಸಿದಿರಬೇಕಾಗಿಲ್ಲ. ಮೊದಲ ಪಾಳಿಯವರ ಸಂದೇಶದಲ್ಲಿ ಮಾತ್ರ ‘ಹತ್ತೂವರೆಗೆ ತಿಂಡಿ ತಿಂದು ಬನ್ನಿ, ನಿಮ್ಮ ಊಟ 2.30ಕ್ಕೆ’ ಎಂದು ಸೇರಿಸಬೇಕು.

ಎರಡನೇ ಪಾಳಿಗೆ 1.45 ಎಂದು ಏಕೆ ಎಂದು ಕೇಳಬಹುದು. ಪಾಳಿ ಬದಲಾವಣೆ ಪಂಕ್ತಿಯ ನಡುವೆ ಎಂದೂ ಆಗಬಾರದು. ಹುಳಿ ಅರ್ಧ ಸಾಲಿಗೆ ಬಂದಾಗ ಬಡಿಸುವವರು ಬದಲಾದರೆ ಎಲ್ಲಿಗೆ ನಿಂತಿತ್ತು ಎಂದು ಹೊಸಬರಿಗೆ ತಿಳಿಯುವುದಿಲ್ಲ, ಹತ್ತು ಎಲೆಗೆ ಎರಡು ಸಲ ಬೀಳುತ್ತದೆ, ಹತ್ತು ಎಲೆಗೆ ಬೀಳುವುದೇ ಇಲ್ಲ. ಒಂದು ಪಂಕ್ತಿಯ ಮಜ್ಜಿಗೆ ಮುಗಿದು ಮುಂದಿನ ಪಂಕ್ತಿಗೆ ಎಲೆ ಹಾಕುವ ನಡುವೆ, ಅಂದರೆ 2.10ಕ್ಕೆ, ಕೈ ಬದಲಾಗಬೇಕು. ಬಂದವರು ಅದಕ್ಕೂ ಇಪ್ಪತ್ತೈದು ನಿಮಿಷ ಮೊದಲು ಟೋಪಿ ಏಪ್ರನ್ ಹಾಕಿ, ತಾವು ಹಿಡಿಯಬೇಕಾದ ಸಾಲಿನ ಪಕ್ಕದಲ್ಲಿ ನಿಂತು ನೋಡಿದರೆ ಎಲ್ಲವೂ ಗೊತ್ತಾಗಿಬಿಡುತ್ತದೆ. ಬಿಡುಗಡೆಯ ಹೊತ್ತು ಬರೆದಿದ್ದರೆ ಒಪ್ಪಿಕೊಳ್ಳುವವರೂ ಹೆಚ್ಚು. ಮಧ್ಯಾಹ್ನ ಮಗುವನ್ನು ಯಾರ ಬಳಿ ಬಿಡಲಿ ಎಂದು ಯೋಚಿಸುವ ತಾಯಿಗೆ ‘2.10ಕ್ಕೆ ಬಿಡುಗಡೆ’ ಎಂಬ ಮಾತು ದೊಡ್ಡ ಧೈರ್ಯ.

ತರಬೇಕಾದ ವಸ್ತುಗಳಿಗೆ ಬಂದರೆ, ಪಟ್ಟಿ ಚಿಕ್ಕದಾಗಿರಲಿ. ಹನ್ನೆರಡು ವಸ್ತು ಬರೆದರೆ ಯಾರೂ ಓದುವುದಿಲ್ಲ, ನಾಲ್ಕು ಬರೆದರೆ ನಾಲ್ಕನ್ನೂ ತರುತ್ತಾರೆ. ಬಡಿಸುವವರಿಗೆ ಬೇಕಾದದ್ದು ಹೆಸರು ಬರೆದ ನೀರಿನ ಬಾಟಲಿ, ಬೆವರು ಒರೆಸಲು ಒಂದು ಸಣ್ಣ ಟವೆಲ್, ದಿನವೂ ನುಂಗುವ ಮಾತ್ರೆ ಇದ್ದರೆ ಅದು, ಮತ್ತು ಒಂದು ಕೊಡೆ. ಕೊಡೆ ಏಕೆಂದರೆ ಚೌತಿ ಬರುವುದು ಭಾದ್ರಪದದಲ್ಲಿ. ಬೆಂಗಳೂರಿನಲ್ಲಿ ಸೆಪ್ಟೆಂಬರ್ ಎಂದರೆ ಮಧ್ಯಾಹ್ನ ಬಿಸಿಲಿದ್ದು ಸಂಜೆಗೆ ಜೋರು ಮಳೆ ಹೊಡೆಯುವ ತಿಂಗಳು. ಅಡುಗೆಮನೆಯಿಂದ ಹಾಲಿಗೆ ನಡುವೆ ತೆರೆದ ಅಂಗಳ ಇದ್ದರಂತೂ ಪಾತ್ರೆಯ ಮೇಲೆ ಹಿಡಿಯಲೂ ಕೊಡೆ ಬೇಕು. ಉಡುಪಿನ ಬಗ್ಗೆ ಒಂದು ಮಾತು ಇರಲಿ: ಹತ್ತಿ ಬಟ್ಟೆ, ಸೆರಗೋ ದುಪಟ್ಟಾವೋ ಸಿಕ್ಕಿಸಿಕೊಂಡಿರಬೇಕು, ಪಂಚೆ ಉಟ್ಟವರು ಎತ್ತಿ ಕಟ್ಟಿರಬೇಕು, ಕೂದಲು ಗಂಟು ಹಾಕಿರಬೇಕು. ಹಾಲಿನ ಒಳಗೆ ಬರಿಗಾಲಲ್ಲಿ ಬಡಿಸುವ ಪದ್ಧತಿ ಇದ್ದರೆ ಅದನ್ನೂ ಹೇಳಿ, ಜನ ಶೂ ಬಿಟ್ಟು ಚಪ್ಪಲಿ ಹಾಕಿಕೊಂಡು ಬರುತ್ತಾರೆ.

ತರಬೇಡಿ ಎಂಬ ಸಾಲಿಗೆ ಇದಕ್ಕಿಂತ ಹೆಚ್ಚು ಬೆಲೆ. ಉಂಗುರ, ಬಳೆ, ಕೈಗಡಿಯಾರ, ಹೆಚ್ಚಿನ ನಗದು ಮನೆಯಲ್ಲೇ ಇರಲಿ. ಕೈ ತೊಳೆಯುವ ಜಾಗದಲ್ಲಿ ಬಿಚ್ಚಿಟ್ಟ ಉಂಗುರ ಸಿಗದೆ ಹಬ್ಬದ ದಿನವೇ ಮನಸ್ತಾಪವಾದ ಕಡೆಗಳಿವೆ. ಸಮಿತಿ ಏನು ಕೊಡುತ್ತದೆ ಎಂಬುದನ್ನೂ ಬರೆಯಬೇಕು. ‘ಟೋಪಿ, ಏಪ್ರನ್, ಕೈಗವಸು, ಸೌಟು ನಾವು ಕೊಡುತ್ತೇವೆ’ ಎಂದು ಹೇಳದಿದ್ದರೆ ಐದಾರು ಮಂದಿ ಮನೆಯ ಸೌಟು ಹಿಡಿದು ಬರುತ್ತಾರೆ, ಸಂಜೆ ಆ ಸೌಟು ಅಡುಗೆಯವರ ಪಾತ್ರೆಗಳ ಜೊತೆ ಲಾರಿ ಏರಿ ಹೋಗುತ್ತದೆ.

ರಾತ್ರಿ ಕಾವಲಿನವರ ಪಟ್ಟಿ ಪೂರ್ತಿ ಬೇರೆ: ಟಾರ್ಚು, ಸ್ವೆಟರ್ ಅಥವಾ ಶಾಲು, ಸೊಳ್ಳೆಗೆ ಹಚ್ಚುವ ಮುಲಾಮು, ಪೂರ್ತಿ ಚಾರ್ಜ್ ಆದ ಫೋನ್. ಅವರ ಕೆಲಸದ ಸಾಲಿನಲ್ಲಿ ಇಬ್ಬರೂ ಒಟ್ಟಿಗೆ ಮಲಗುವಂತಿಲ್ಲ, ದೀಪದ ಬಳಿ ಬಟ್ಟೆಯ ಅಲಂಕಾರ ಜಾರಿಲ್ಲವೇ ಎಂದು ನೋಡುತ್ತಿರಬೇಕು, ಮಳೆ ಬಂದರೆ ಮೊದಲು ಸೀರಿಯಲ್ ಸೆಟ್ಟಿನ ಮೇನ್ ಸ್ವಿಚ್ ಆರಿಸಬೇಕು ಎಂಬ ಮೂರು ವಿಷಯ ಸಾಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಇದೆ, 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ. ಹಾಗಾಗಿ ನಿದ್ದೆ ತಡೆಯಲು ಹಾಡು ಹಾಕಿಕೊಳ್ಳುತ್ತೇವೆ ಎನ್ನುವ ಹುಡುಗರಿಗೆ ಅದನ್ನೂ ನೆನಪಿಸಬೇಕು. ತುರ್ತಿಗೆ 112, ಆಂಬುಲೆನ್ಸ್‌ಗೆ 108.

ಈಗ ಮೊದಲ ಪಾಳಿಯ ಸಾರಿನವರಿಗೆ ಹೋಗುವ ಸಂದೇಶ ಹೀಗಿರುತ್ತದೆ:

ಸೆಪ್ಟೆಂಬರ್ 20, ಭಾನುವಾರ. ಹಾಜರಿ ಬೆಳಗ್ಗೆ 11.30ಕ್ಕೆ.
ಸಮುದಾಯ ಭವನದ ಹಿಂಬಾಗಿಲು, ಉಗ್ರಾಣದ ಮುಂದೆ.
ನಮಸ್ಕಾರ. ಅನ್ನಸಂತರ್ಪಣೆಯಲ್ಲಿ ನೀವು 1 ಮತ್ತು 2ನೇ ಸಾಲಿಗೆ ಸಾರು ಬಡಿಸುತ್ತೀರಿ. ಎರಡು ಪಂಕ್ತಿ, ಒಂದೊಂದಕ್ಕೆ ಎರಡು ಸುತ್ತು. ಅರ್ಧ ಬಕೆಟ್ಟಿಗಿಂತ ಹೆಚ್ಚು ಹಿಡಿಯಬೇಡಿ, ತುಂಬಿಕೊಡುವವರಿರುತ್ತಾರೆ. 11.30ಕ್ಕೆ ಸಾಲು ಹಂಚಿ, 12.10ಕ್ಕೆ ಎಲೆಗೆ ಬಡಿಸಲು ಶುರು ಮಾಡುತ್ತೇವೆ.
ಬಿಡುಗಡೆ 2.10ಕ್ಕೆ. ನಿಮ್ಮ ಊಟ 2.30ರ ಪಂಕ್ತಿಯಲ್ಲಿ. ಹತ್ತೂವರೆಗೆ ತಿಂಡಿ ತಿಂದು ಬನ್ನಿ.
ತನ್ನಿ: ನೀರಿನ ಬಾಟಲಿ, ಸಣ್ಣ ಟವೆಲ್, ನಿಮ್ಮ ಮಾತ್ರೆ, ಕೊಡೆ. ಟೋಪಿ, ಏಪ್ರನ್, ಸೌಟು ನಾವು ಕೊಡುತ್ತೇವೆ. ಉಂಗುರ, ವಾಚು ಬೇಡ.
ಬರುತ್ತೀರೋ ಇಲ್ಲವೋ, ಇಂದು ರಾತ್ರಿ 9ರೊಳಗೆ ತಂಡದ ಮುಖ್ಯಸ್ಥರ ಮೊಬೈಲಿಗೆ ತಿಳಿಸಿ.

ಕೊನೆಯ ಸಾಲಿನ ಜೊತೆ ಮುಖ್ಯಸ್ಥರ ಹೆಸರು ಮತ್ತು ಮೊಬೈಲ್ ಸಂಖ್ಯೆ ಇರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ನಮಸ್ಕಾರ ಮೂರನೇ ಸಾಲಿಗೆ ಹೋಗಿರುವುದು ಕೆಲವು ಹಿರಿಯರಿಗೆ ಸರಿ ಕಾಣದಿರಬಹುದು. ಆದರೆ ಫೋನಿನ ಪರದೆಯ ಮೇಲೆ ಸೂಚನೆಯಾಗಿ ಇಣುಕುವುದು ಸಂದೇಶದ ಮೊದಲ ಒಂದೆರಡು ಸಾಲು ಮಾತ್ರ. ಉದ್ದದ ಸಂದೇಶವನ್ನು ವಾಟ್ಸಾಪ್ ಅರ್ಧಕ್ಕೆ ಕತ್ತರಿಸಿ, ಉಳಿದದ್ದನ್ನು ಓದಲು ಒತ್ತಿ ಎನ್ನುತ್ತದೆ. ಒತ್ತದವರಿಗೂ ದಿನ, ಹೊತ್ತು, ಜಾಗ ಸಿಕ್ಕಿರಬೇಕು. ‘ಗಣಾಧಿಪತಿಯ ಕೃಪೆಯಿಂದ’ ಎಂದು ಆರಂಭವಾಗುವ ಆರು ಸಾಲನ್ನು ಆಮಂತ್ರಣ ಪತ್ರಿಕೆಗೆ ಇಟ್ಟುಕೊಳ್ಳೋಣ.

ಇದನ್ನು ಎಲ್ಲಿಗೆ ಕಳಿಸಬೇಕು ಎಂಬುದೂ ಮುಖ್ಯ. ಬಡಾವಣೆಯ ದೊಡ್ಡ ಗುಂಪಿಗೆ ಹಾಕಿದರೆ ಹತ್ತೇ ನಿಮಿಷದಲ್ಲಿ ಮೂವತ್ತು ಕೈಮುಗಿದ ಚಿತ್ರ, ಇಪ್ಪತ್ತು ಹೆಬ್ಬೆರಳು, ಎರಡು ಶುಭೋದಯ ಬಂದು ಸಂದೇಶ ಮೇಲಕ್ಕೆ ಹೋಗಿಬಿಡುತ್ತದೆ. ಪಾಳಿಗೊಂದು ಚಿಕ್ಕ ಗುಂಪು ಮಾಡಿ, ಸಂದೇಶವನ್ನು ಪಿನ್ ಮಾಡಿಟ್ಟು, ಉತ್ತರಗಳು ಮಾತ್ರ ಮುಖ್ಯಸ್ಥರ ಸ್ವಂತ ನಂಬರಿಗೆ ಬರುವಂತೆ ಮಾಡುವುದು ಒಳ್ಳೆಯ ವ್ಯವಸ್ಥೆ. ಕೆಲವರು ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ ಕಳಿಸುತ್ತಾರೆ. ಅದರಲ್ಲಿ ಒಂದು ಮಿತಿ ಇದೆ: ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ಹೋಗುತ್ತದೆ. ಈ ವರ್ಷ ಹೊಸದಾಗಿ ಸೇರಿದ ಸ್ವಯಂಸೇವಕರಿಗೆ, ಅಂದರೆ ಅದು ಅತಿ ಹೆಚ್ಚು ಬೇಕಾದವರಿಗೇ, ತಲುಪುವುದಿಲ್ಲ, ಕಳಿಸಿದವರಿಗೆ ಅದು ಗೊತ್ತೂ ಆಗುವುದಿಲ್ಲ.

ನೀಲಿ ಗುರುತು ಬಂದರೆ ಓದಿದ್ದಾರೆ ಎಂದಷ್ಟೇ ಅರ್ಥ, ಬರುತ್ತಾರೆ ಎಂದಲ್ಲ. ಆದ್ದರಿಂದ ಹಿಂದಿನ ದಿನ ಸಂಜೆ ಆರು ಏಳರ ನಡುವೆ ಕಳಿಸಿ, ರಾತ್ರಿ ಒಂಬತ್ತಕ್ಕೆ ಉತ್ತರ ಬಾರದವರ ಪಟ್ಟಿ ಮಾಡಿ, ಅವರಿಗೆ ಫೋನ್ ಮಾಡಬೇಕು. ಬೆಳಗ್ಗೆ ಕಳಿಸಿದರೆ ತಡವಾಯಿತು. ಹಬ್ಬದ ದಿನಗಳಲ್ಲಿ ಬೆಳಗ್ಗೆ ಮನೆಗಳಲ್ಲಿ ಫೋನ್ ನೋಡುವವರು ಕಡಿಮೆ. ಬರುವ ಹೊತ್ತಿಗೆ ಎರಡು ಗಂಟೆ ಮೊದಲು ಒಂದೇ ಸಾಲಿನ ಇನ್ನೊಂದು ನೆನಪು ಸಾಕು: ‘ಇಂದು 11.30, ಹಿಂಬಾಗಿಲು.’ ಓದಲು ಕಷ್ಟಪಡುವ ಹಿರಿಯರಿಗೆ ಇಪ್ಪತ್ತು ಸೆಕೆಂಡಿನ ಧ್ವನಿ ಸಂದೇಶ ಕಳಿಸಿದರೆ ಅವರು ಮೊಮ್ಮಕ್ಕಳನ್ನು ಕರೆಯಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದರೂ ಮಹಾಮಂಗಳಾರತಿ ತಡವಾಗಬಹುದು, ಮೊದಲ ಪಂಕ್ತಿ ಒಂದು ಗಂಟೆಗೆ ಜಾರಬಹುದು. ಆಗ ಎರಡನೇ ಪಾಳಿಯವರಿಗೆ ‘ಸ್ವಲ್ಪ ತಡವಾಗಿ ಬಂದರೂ ಪರವಾಗಿಲ್ಲ’ ಎಂದು ಬರೆಯುವುದು ದೊಡ್ಡ ತಪ್ಪು. ‘ಬದಲಾವಣೆ’ ಎಂಬ ಪದದಿಂದಲೇ ಆರಂಭಿಸಿ, ಹಳೆಯ ಹೊತ್ತು ಮತ್ತು ಹೊಸ ಹೊತ್ತು ಎರಡನ್ನೂ ಬರೆಯಬೇಕು: ‘ಬದಲಾವಣೆ. ಎರಡನೇ ಪಾಳಿಯ ಹಾಜರಿ 1.45 ಅಲ್ಲ, 2.15.’ ಹಳೆಯ ಸಂದೇಶದ ಪಿನ್ ತೆಗೆದು ಇದನ್ನು ಪಿನ್ ಮಾಡಬೇಕು. ಎರಡೂ ಹೊತ್ತು ಒಟ್ಟಿಗೆ ಇದ್ದರೆ ಯಾವುದು ಹೊಸದು ಎಂದು ಯಾರೂ ಊಹಿಸಬೇಕಾಗಿಲ್ಲ. ಪಂಕ್ತಿ ನಿಜವಾಗಿ ಎಷ್ಟಕ್ಕೆ ಶುರುವಾಯಿತು, ಎಷ್ಟಕ್ಕೆ ಮುಗಿಯಿತು ಎಂದು ಉಗ್ರಾಣದಲ್ಲಿ ಕುಳಿತವರು ಒಂದು ಹಾಳೆಯಲ್ಲಿ ಗುರುತು ಹಾಕಿಟ್ಟರೆ, ನಲವತ್ತು ನಿಮಿಷ ಎಂಬ ಅಂದಾಜು ತಮ್ಮ ಭವನಕ್ಕೆ ಹೊಂದುತ್ತದೋ ಐವತ್ತು ಬೇಕೋ ಎಂಬುದು ಮುಂದಿನ ವರ್ಷಕ್ಕೆ ಗೊತ್ತಿರುತ್ತದೆ.

ಇನ್ನು ಸಂದೇಶ ಪಡೆಯುವವರಲ್ಲಿ ಒಂದು ಮನವಿ. ನಿಮ್ಮ ಫೋನಿಗೆ ಇಂಥದೊಂದು ಬಂದಾಗ, ಮನೆಯಲ್ಲಿ ಏನೋ ಅಡಚಣೆ ಇದೆ, ಹೋಗಲಾಗುವುದಿಲ್ಲ ಎಂದಿದ್ದರೆ ಸಂಕೋಚದಿಂದ ಸುಮ್ಮನಿರಬೇಡಿ. ಆ ಸಂಜೆ ಒಂಬತ್ತರೊಳಗೆ ‘ಆಗುವುದಿಲ್ಲ’ ಎಂದು ಹೇಳಿದರೆ ಸಾರಿನ ಬಕೆಟ್ಟಿಗೆ ಇನ್ನೊಬ್ಬರನ್ನು ಹುಡುಕಲು ಸಮಿತಿಗೆ ಇಡೀ ರಾತ್ರಿ ಇರುತ್ತದೆ.